ಮನೆಯ ಬೀಗದ ಕೈ: ಹಿಬಾ ಮತ್ತು ವಸಿಯತ್‌ನ ವ್ಯತ್ಯಾಸವನ್ನು ಹಿರಿಯರಿಗೆ ತಿಳಿಸುವ ಬಗೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯ ಸಣ್ಣದು ಎಂದು ಕೆಲವರಿಗೆ ಅನ್ನಿಸಬಹುದು. ಮನೆಯನ್ನು ಮಕ್ಕಳ ಹೆಸರಿಗೆ ಮಾಡಬೇಕಾದರೆ ದಾನಪತ್ರ ಬರೆಯಬೇಕೋ, ಉಯಿಲು ಬರೆಯಬೇಕೋ ಎಂಬ ಪ್ರಶ್ನೆ ಅದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹಿಬಾ ಮಾಡಬೇಕೋ, ವಸಿಯತ್ ಮಾಡಬೇಕೋ? ನಿಮ್ಮಲ್ಲಿ ಅನೇಕರ ಮನೆಯಲ್ಲಿ ಈ ಮಾತು ಎದ್ದಿರಬಹುದು. ವಯಸ್ಸಾದ ಅಬ್ಬಾ ಅಥವಾ ಅಮ್ಮಿ ಊಟದ ಹೊತ್ತಿನಲ್ಲಿ, "ನಾನು ಕಣ್ಣು ಮುಚ್ಚುವುದರೊಳಗೆ ಮನೆಗೊಂದು ಕಾಗದ ಮಾಡಿಬಿಡೋಣ" ಎನ್ನುತ್ತಾರೆ. ಮನೆಯಲ್ಲಿ ಓದಿದವರು ನೀವೇ ಆದ್ದರಿಂದ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ನೀವು ಪತ್ರ ಬರಹಗಾರರ ಬಳಿ ಹೋಗುತ್ತೀರಿ. ಅವರು ಎಲ್ಲರಿಗೂ ಬರೆಯುವ ನಮೂನೆಯಲ್ಲೇ ನಿಮಗೂ ಒಂದನ್ನು ಬರೆದುಕೊಡುತ್ತಾರೆ. ಆ ನಮೂನೆ ಮುಸ್ಲಿಂ ಕುಟುಂಬಕ್ಕೆ ಹೊಂದುತ್ತದೆಯೇ ಎಂದು ಕೇಳುವವರು ಕಡಿಮೆ. ಹೊಂದಲಿಲ್ಲ ಎಂಬುದು ತಿಳಿಯುವುದು ತಂದೆತಾಯಿ ತೀರಿಕೊಂಡ ಮೇಲೆ, ಅಣ್ಣತಂಗಿಯರು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ.

ಆದ್ದರಿಂದ ನಿಮ್ಮ ಮನೆಯ ಹಿರಿಯರಿಗೆ ಈ ಎರಡರ ವ್ಯತ್ಯಾಸವನ್ನು ನೀವು ಹೇಗೆ ತಿಳಿಸಿ ಹೇಳಬಹುದು ಎಂಬ ಒಂದೇ ದಾರಿಯಲ್ಲಿ ನಾನು ಮಾತನಾಡುತ್ತೇನೆ. ಇಲ್ಲಿ ಹೇಳುವುದು ನಮ್ಮ ನ್ಯಾಯಾಲಯಗಳು ಸುನ್ನಿ ಹನಫೀ ಪಂಥದವರಿಗೆ ಅನ್ವಯಿಸುವ ನಿಯಮ. ಶಾಫಿಈ ಮತ್ತು ಶಿಯಾ ಪಂಥದವರಿಗೆ ಕೆಲವು ಕಡೆ ವ್ಯತ್ಯಾಸವಿದೆ. ಅದನ್ನು ಬಂದಲ್ಲಿ ತಿಳಿಸುತ್ತೇನೆ.

ಒಂದು ಕುಟುಂಬ

ಮಾತು ಸುಲಭವಾಗಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಎಪ್ಪತ್ತೆರಡು ವರ್ಷದ ತಾಯಿ, ಗಂಡ ತೀರಿಹೋಗಿದ್ದಾರೆ. ಆಕೆಗೆ ಮೂವರು ಮಕ್ಕಳು. ಹಿರಿಯ ಮಗ ಅಪಘಾತದಲ್ಲಿ ತೀರಿಕೊಂಡಿದ್ದಾನೆ, ಅವನ ಹೆಂಡತಿ ಮತ್ತು ಒಬ್ಬ ಗಂಡು ಮಗು ಇದ್ದಾರೆ. ಎರಡನೆಯ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಮಗಳು ತಾಯಿಯ ಜೊತೆಯಲ್ಲೇ ಇದ್ದು ಹತ್ತು ವರ್ಷದಿಂದ ಔಷಧಿ, ಊಟ, ಆಸ್ಪತ್ರೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಾಳೆ. ತಾಯಿಗೆ ಇರುವ ಆಸ್ತಿ ಒಂದೇ ಮನೆ. ಇವತ್ತಿನ ಬೆಲೆ 45 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳೋಣ. ಸಾಲ ಇಲ್ಲ.

ತಾಯಿಯ ಮನಸ್ಸಿನಲ್ಲಿ ಮೂರು ಆಸೆಗಳಿವೆ. ತಾನು ಇರುವವರೆಗೆ ಈ ಮನೆಯಿಂದ ತನ್ನನ್ನು ಯಾರೂ ಎಬ್ಬಿಸಬಾರದು. ಮಗಳಿಗೆ ಅನ್ಯಾಯವಾಗಬಾರದು. ತಂದೆಯಿಲ್ಲದ ಮೊಮ್ಮಗ ಬರಿಗೈಯಲ್ಲಿ ಹೋಗಬಾರದು. ಈ ಮೂರನ್ನೂ ಒಂದೇ ಕಾಗದದಲ್ಲಿ ಬರೆದುಬಿಟ್ಟರೆ ಮುಗಿಯಿತು ಎಂದು ಆಕೆ ತಿಳಿದಿದ್ದಾರೆ.

ಮೊದಲು ನೋಡಬೇಕಾದದ್ದು ಕಾಗದ ಬರೆಯುವುದನ್ನಲ್ಲ, ಮನೆ ಯಾರದು ಎಂಬುದನ್ನು. ನಮ್ಮಲ್ಲಿ ಎಷ್ಟೋ ಮನೆಗಳ ಖಾತೆ ತೀರಿಹೋದ ತಂದೆಯ ಹೆಸರಿನಲ್ಲೇ ಇರುತ್ತದೆ. ತಾಯಿ "ನನ್ನ ಮನೆ" ಎನ್ನುತ್ತಾರೆ. ಆದರೆ ಗಂಡ ಮಕ್ಕಳನ್ನು ಬಿಟ್ಟು ತೀರಿಕೊಂಡಿದ್ದರೆ ಆ ಮನೆಯಲ್ಲಿ ಹೆಂಡತಿಗೆ ವಾರಸು ಪಾಲಾಗಿ ಬರುವುದು ಎಂಟರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ಗಂಡ ತೀರಿಕೊಂಡ ಕ್ಷಣದಿಂದಲೇ ಅವರ ಇತರ ವಾರಸುದಾರರದು. ತಮ್ಮದಲ್ಲದ ಪಾಲನ್ನು ತಾಯಿ ಹಿಬಾ ಮಾಡಲೂ ಆಗದು, ವಸಿಯತ್ ಮಾಡಲೂ ಆಗದು. ಆದ್ದರಿಂದ ಮೂಲ ಕ್ರಯಪತ್ರ, ಖಾತೆ, ಕಂದಾಯದ ರಸೀದಿ ಮತ್ತು ಋಣಭಾರ ಪತ್ರ ಇವುಗಳನ್ನು ಮೊದಲು ನೋಡಿ. ನಮ್ಮ ಉದಾಹರಣೆಯಲ್ಲಿ ಈ ಮನೆಯನ್ನು ಗಂಡ ಬದುಕಿದ್ದಾಗಲೇ ಮಹರ್‌ನ ಬದಲಿಗೆ ಹೆಂಡತಿಯ ಹೆಸರಿಗೆ ನೋಂದಣಿ ಮಾಡಿಸಿಕೊಟ್ಟಿದ್ದರು. ಹೀಗಾಗಿ ಪೂರ್ತಿ ಮನೆ ತಾಯಿಯದೇ.

ಬೀಗದ ಕೈಯ ಲೆಕ್ಕ

ಹಿರಿಯರಿಗೆ ಕಾನೂನಿನ ಪದಗಳಿಂದ ಮಾತು ಶುರು ಮಾಡಬೇಡಿ. ಮನೆಯ ಬೀಗದ ಕೈಯನ್ನು ಅವರ ಮುಂದೆ ಇಟ್ಟು ಹೇಳಿ: "ಅಮ್ಮೀ, ಹಿಬಾ ಎಂದರೆ ಈ ಕೈಯನ್ನು ಇವತ್ತು ನೀವು ಕೊಟ್ಟುಬಿಡುವುದು. ಕೊಟ್ಟ ಮೇಲೆ ಮನೆ ಅವರದು. ನೀವು ಅವರ ಮನೆಯಲ್ಲಿ ಇರುವವರಾಗುತ್ತೀರಿ. ವಸಿಯತ್ ಎಂದರೆ ಕೈ ನಿಮ್ಮ ಸೊಂಟದಲ್ಲೇ ಇರುತ್ತದೆ. ನೀವು ಹೋದ ಮೇಲೆ ಅದನ್ನು ಯಾರು ತೆಗೆದುಕೊಳ್ಳಬೇಕು ಎಂದು ಹೇಳಿ ಇಡುವುದು. ಮನಸ್ಸು ಬದಲಾದರೆ ನಾಳೆಯೇ ಬೇರೆ ಹೇಳಬಹುದು."

ಇಷ್ಟು ಅರ್ಥವಾದರೆ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಉಳಿದ ಕಾಲು ಪಾಲಿನಲ್ಲಿ ನಮ್ಮ ಶರೀಅತ್‌ನ ವಿಶೇಷವಿದೆ. ವಸಿಯತ್‌ಗೆ ಅಳತೆಯ ಮಿತಿ ಇದೆ, ಹಿಬಾಕ್ಕೆ ಅಳತೆಯ ಮಿತಿ ಇಲ್ಲ. ಆದರೆ ಹಿಬಾಕ್ಕೆ ಕೈಯನ್ನು ನಿಜವಾಗಿ ಕೊಡಬೇಕೆಂಬ ಕಟ್ಟಳೆ ಇದೆ. ಜನ ಎಡವುವುದು ಈ ಎರಡು ಕಡೆಗಳಲ್ಲೇ. ಅವನ್ನು ಒಂದೊಂದಾಗಿ ನೋಡೋಣ.

ವಸಿಯತ್: ಮೂರನೇ ಒಂದು, ಅದೂ ವಾರಸುದಾರರಲ್ಲದವರಿಗೆ

ನಮ್ಮ ನೆರೆಯ ಹಿಂದೂ ಗೆಳೆಯರು ತಮ್ಮ ಸ್ವಯಾರ್ಜಿತ ಮನೆಯನ್ನು ಪೂರ್ತಿಯಾಗಿ ಒಬ್ಬ ಮಗಳಿಗೆ ಉಯಿಲು ಬರೆದು ಇಡಬಹುದು. ಅದನ್ನು ನೋಡಿ ನಾವೂ ಹಾಗೆಯೇ ಬರೆಯಿಸುತ್ತೇವೆ. ಆದರೆ ಮುಸ್ಲಿಂ ವ್ಯಕ್ತಿಯ ವಸಿಯತ್‌ಗೆ ಎರಡು ಗಡಿಗಳಿವೆ. ಅಂತ್ಯಸಂಸ್ಕಾರದ ಖರ್ಚು ಮತ್ತು ಸಾಲ ತೀರಿದ ಮೇಲೆ ಉಳಿದ ಆಸ್ತಿಯಲ್ಲಿ ಮೂರನೇ ಒಂದು ಭಾಗವನ್ನು ಮಾತ್ರ ಅವರು ತಮ್ಮ ಇಚ್ಛೆಯಂತೆ ಬರೆದಿಡಬಹುದು. ಹಜ್ರತ್ ಸಅದ್ ಬಿನ್ ಅಬೀ ವಕ್ಕಾಸ್ ಅವರು ತಮ್ಮ ಆಸ್ತಿಯ ಬಗ್ಗೆ ಕೇಳಿದಾಗ ಪ್ರವಾದಿವರ್ಯರು ಮೂರನೇ ಒಂದಕ್ಕೆ ಗೆರೆ ಹಾಕಿದ ಪ್ರಸಂಗವನ್ನು ನಮ್ಮ ಹಿರಿಯರು ಕೇಳಿಯೇ ಇರುತ್ತಾರೆ. ಅದನ್ನು ನೆನಪಿಸಿದರೆ ಅವರಿಗೆ ಈ ಗಡಿ ತಕ್ಷಣ ತಿಳಿಯುತ್ತದೆ.

ಎರಡನೆಯ ಗಡಿ ಇನ್ನೂ ಮುಖ್ಯವಾದದ್ದು. ವಾರಸುದಾರರಾಗಿ ಪಾಲು ಬರುವವರಿಗೆ ವಸಿಯತ್ ಮಾಡಿದರೆ, ಆ ಮೂರನೇ ಒಂದು ಭಾಗದೊಳಗೇ ಇದ್ದರೂ ಉಳಿದ ವಾರಸುದಾರರು ಒಪ್ಪಬೇಕು. ಆ ಒಪ್ಪಿಗೆಯೂ ಬರೆದವರು ತೀರಿಕೊಂಡ ಮೇಲೆ ಕೊಟ್ಟದ್ದಾಗಿರಬೇಕು. ತಾಯಿ ಬದುಕಿದ್ದಾಗ ಮಗ "ನನಗೇನೂ ಬೇಡ, ತಂಗಿಗೇ ಕೊಡಿ" ಎಂದು ಸಹಿ ಹಾಕಿದ್ದರೂ ತಾಯಿಯ ಮರಣದ ನಂತರ ಅವನು ಒಪ್ಪದಿದ್ದರೆ ಹನಫೀ ನಿಯಮದಲ್ಲಿ ಆ ಹಳೆಯ ಸಹಿಗೆ ಬಲವಿಲ್ಲ. ವಾರಸುದಾರರು ಹಲವರಿದ್ದು ಕೆಲವರು ಮಾತ್ರ ಒಪ್ಪಿದರೆ ಒಪ್ಪಿದವರ ಪಾಲಿನ ಮಟ್ಟಿಗೆ ಮಾತ್ರ ಅದು ನಡೆಯುತ್ತದೆ. ಶಿಯಾ ಪಂಥದವರಲ್ಲಿ ಮೂರನೇ ಒಂದು ಭಾಗದೊಳಗೆ ವಾರಸುದಾರರಿಗೆ ಕೊಟ್ಟರೆ ಇತರರ ಒಪ್ಪಿಗೆ ಬೇಕಿಲ್ಲ.

ಈಗ ನಮ್ಮ ತಾಯಿಯ ಮನೆಯ ಲೆಕ್ಕಕ್ಕೆ ಬನ್ನಿ. ಅವರು ಏನನ್ನೂ ಬರೆಯದೆ ತೀರಿಕೊಂಡರೆ ವಾರಸುದಾರರು ಬೆಂಗಳೂರಿನ ಮಗ ಮತ್ತು ಜೊತೆಯಲ್ಲಿರುವ ಮಗಳು. ಮಗನಿಗೆ ಎರಡು, ಮಗಳಿಗೆ ಒಂದು. ಅಂದರೆ 45 ಲಕ್ಷದಲ್ಲಿ ಮಗನಿಗೆ 30 ಲಕ್ಷ, ಮಗಳಿಗೆ 15 ಲಕ್ಷ. ತೀರಿಹೋದ ಹಿರಿಯ ಮಗನ ಹುಡುಗನಿಗೆ ಏನೂ ಇಲ್ಲ, ಏಕೆಂದರೆ ಮಗನೊಬ್ಬ ಬದುಕಿರುವಾಗ ಮೊಮ್ಮಗ ವಾರಸುದಾರನಾಗುವುದಿಲ್ಲ. ಸೊಸೆಯೂ ವಾರಸುದಾರಳಲ್ಲ.

ತಾಯಿ "ಪೂರ್ತಿ ಮನೆ ಮಗಳಿಗೆ" ಎಂದು ವಸಿಯತ್ ಬರೆದರೆ ಏನಾಗುತ್ತದೆ? ಮಗ ಒಪ್ಪಿದರೆ ಸರಿ. ಒಪ್ಪದಿದ್ದರೆ ಲೆಕ್ಕ ಮತ್ತೆ 30 ಮತ್ತು 15ಕ್ಕೇ ಬರುತ್ತದೆ. ವಸಿಯತ್ ನೋಂದಣಿ ಆಗಿದ್ದರೂ ಅಷ್ಟೇ. ನೋಂದಣಿಯಿಂದ ತಾಯಿ ಬರೆದದ್ದು ನಿಜ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಸಿಗುತ್ತದೆ, ಆದರೆ ಶರೀಅತ್ ಕೊಡದ ಅಧಿಕಾರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಮುದ್ರೆ ಕೊಡಲಾರದು.

ಅದೇ ವಸಿಯತ್ತನ್ನು ಮೊಮ್ಮಗನ ಹೆಸರಿಗೆ ಮೂರನೇ ಒಂದು ಭಾಗ ಎಂದು ಬರೆದರೆ ನೋಡಿ, ಅದು ಕಲ್ಲಿನ ಮೇಲೆ ಬರೆದ ಹಾಗೆ ನಿಲ್ಲುತ್ತದೆ. ಅವನು ವಾರಸುದಾರನಲ್ಲ, ಭಾಗವೂ ಮಿತಿಯೊಳಗಿದೆ. ಹಾಗಾಗಿ ಯಾರ ಒಪ್ಪಿಗೆಯೂ ಬೇಕಿಲ್ಲ. ಮೊಮ್ಮಗನಿಗೆ 15 ಲಕ್ಷ ಹೋದ ಮೇಲೆ ಉಳಿದ 30 ಲಕ್ಷದಲ್ಲಿ ಮಗನಿಗೆ 20, ಮಗಳಿಗೆ 10. ತಂದೆ ಕಳೆದುಕೊಂಡ ಮೊಮ್ಮಕ್ಕಳು, ವಿಧವೆ ಸೊಸೆ, ಸಾಕಿ ಬೆಳೆಸಿದ ಮಗು, ಸೇವೆ ಮಾಡಿದ ದೂರದ ಸಂಬಂಧಿ ಇಂಥವರಿಗಾಗಿಯೇ ವಸಿಯತ್ ಎಂಬ ಬಾಗಿಲು ತೆರೆದಿದೆ. ನಮ್ಮ ಸಮಾಜದಲ್ಲಿ ಅದನ್ನು ಬಳಸುವವರು ಕಡಿಮೆ. ಅದು ತೆರೆಯದ ಕಡೆ ತಳ್ಳುವವರೇ ಹೆಚ್ಚು.

ವಸಿಯತ್‌ಗೆ ಸ್ಟಾಂಪ್ ಕಾಗದ ಬೇಕಿಲ್ಲ. ಮುಸ್ಲಿಮರಿಗೆ ಬರವಣಿಗೆಯೂ ಕಡ್ಡಾಯವಲ್ಲ. ಆದರೂ ಬಾಯಿಮಾತನ್ನು ಸಾಬೀತುಪಡಿಸುವುದು ಬಹಳ ಕಷ್ಟ. ಆದ್ದರಿಂದ ಬರೆಯಿಸಿ, ಪಾಲು ಪಡೆಯದ ಇಬ್ಬರ ಸಾಕ್ಷಿ ಹಾಕಿಸಿ, ಸಾಧ್ಯವಾದರೆ ನೋಂದಣಿ ಮಾಡಿಸಿ. ಹಿರಿಯರು ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಕೊನೆಯದಾಗಿ ಬರೆದದ್ದೇ ನಡೆಯುತ್ತದೆ.

ಹಿಬಾ: ಮೂರು ಹೆಜ್ಜೆ, ಮೂರನೆಯದೇ ಕಷ್ಟ

ಹಿಬಾದಲ್ಲಿ ಮೂರನೇ ಒಂದು ಭಾಗದ ಮಿತಿ ಇಲ್ಲ. ತಾಯಿ ಇಚ್ಛಿಸಿದರೆ ಪೂರ್ತಿ ಮನೆಯನ್ನು ಮಗಳಿಗೇ ಕೊಡಬಹುದು, ಮಗನ ಒಪ್ಪಿಗೆ ಬೇಕಿಲ್ಲ. ಆದರೆ ಮೂರು ಹೆಜ್ಜೆಗಳು ಪೂರ್ತಿಯಾಗಬೇಕು. ಕೊಡುವವರು "ಕೊಟ್ಟಿದ್ದೇನೆ" ಎಂದು ಸ್ಪಷ್ಟವಾಗಿ ಹೇಳಬೇಕು. ಪಡೆಯುವವರು "ಸ್ವೀಕರಿಸಿದ್ದೇನೆ" ಎನ್ನಬೇಕು. ಸ್ವಾಧೀನ, ಅಂದರೆ ಕಬ್ಜಾ, ಕೈ ಬದಲಾಗಬೇಕು.

ಬಾಯಿಮಾತಿನ ಹಿಬಾ ಕೂಡ ಮುಸ್ಲಿಮರಲ್ಲಿ ಸಿಂಧು. ಆಸ್ತಿ ವರ್ಗಾವಣೆ ಕಾಯಿದೆಯ 129ನೇ ಕಲಮು ನಮ್ಮ ಹಿಬಾವನ್ನು ಕಡ್ಡಾಯ ನೋಂದಣಿಯ ನಿಯಮದಿಂದ ಹೊರಗಿಟ್ಟಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಮೂರು ಅಂಗಗಳು ಪೂರ್ತಿಯಾಗಿದ್ದರೆ ಕಾಗದ ನೋಂದಣಿ ಆಗಿಲ್ಲವೆಂಬ ಕಾರಣಕ್ಕೆ ಹಿಬಾ ಬೀಳುವುದಿಲ್ಲ ಎಂದಿತು. ಇದನ್ನು ಅರ್ಧ ಕೇಳಿಸಿಕೊಂಡವರು "ಹಾಗಾದರೆ ಬಾಯಿಮಾತೇ ಸಾಕು" ಎಂದುಕೊಳ್ಳುತ್ತಾರೆ. ಉಳಿದರ್ಧವನ್ನು 2025ರಲ್ಲಿ ಅದೇ ನ್ಯಾಯಾಲಯ ನಮ್ಮ ಕಲಬುರಗಿ ಭಾಗದ ಒಂದು ಜಮೀನಿನ ಪ್ರಕರಣದಲ್ಲಿ ಹೇಳಿತು. ಅಲ್ಲಿ 1980ರ ದಶಕದ ಕೊನೆಯಲ್ಲಿ ತಾಯಿ ಮಗಳಿಗೆ ಬಾಯಿಮಾತಿನ ಹಿಬಾ ಮಾಡಿದ್ದರು ಎಂಬ ವಾದವಿತ್ತು. ಆದರೆ ವರ್ಷಗಟ್ಟಲೆ ದಾಖಲೆಯಲ್ಲಿ ಹೆಸರು ಬದಲಾಗಿರಲಿಲ್ಲ, ಸ್ವಾಧೀನ ಕೈ ಬದಲಾಯಿತು ಎಂಬುದಕ್ಕೆ ಆಧಾರವಿರಲಿಲ್ಲ. ಹಿಬಾ ಸಾಬೀತಾಗಲಿಲ್ಲ ಎಂದು ತೀರ್ಪಾಯಿತು. ಕಾಗದ ಕಡ್ಡಾಯವಲ್ಲ, ಆದರೆ ಕಬ್ಜಾ ಕಡ್ಡಾಯ ಎಂಬುದೇ ಇದರ ಸಾರ.

ಹಾಗಾದರೆ ತಾಯಿ ಅದೇ ಮನೆಯಲ್ಲಿ ವಾಸವಾಗಿರುವಾಗ ಕಬ್ಜಾ ಕೊಡುವುದು ಹೇಗೆ? ಹಿರಿಯರು ಕೇಳುವ ಮೊದಲ ಪ್ರಶ್ನೆಯೇ ಇದು: "ನಾನು ಮನೆ ಬಿಟ್ಟು ಹೊರಗೆ ಹೋಗಬೇಕಾ?" ಕೊಡುವವರೂ ಪಡೆಯುವವರೂ ಒಂದೇ ಮನೆಯಲ್ಲಿ ಕೂಡಿ ವಾಸಿಸುತ್ತಿದ್ದರೆ ಹೊರಗೆ ಹೋಗಬೇಕಿಲ್ಲ. ಆದರೆ ಒಡೆತನವನ್ನು ಬಿಟ್ಟುಕೊಟ್ಟಿದ್ದೇನೆ ಎಂಬುದು ನಡವಳಿಕೆಯಲ್ಲಿ ಕಾಣಬೇಕು. ಮೂಲ ಪತ್ರಗಳನ್ನು ಮಗಳ ಕೈಗೆ ಕೊಡಬೇಕು. ಖಾತೆ ಮಗಳ ಹೆಸರಿಗೆ ಬದಲಾಗಬೇಕು. ಕಂದಾಯ ಮತ್ತು ವಿದ್ಯುತ್ ಬಿಲ್ಲು ಅವಳ ಹೆಸರಿನಲ್ಲಿ ಬರಬೇಕು. ಮಹಡಿಯಲ್ಲಿ ಬಾಡಿಗೆದಾರರಿದ್ದರೆ ಮುಂದಿನ ತಿಂಗಳಿನಿಂದ ಬಾಡಿಗೆಯನ್ನು ಮಗಳಿಗೆ ಕೊಡುವಂತೆ ತಾಯಿಯೇ ಬರೆದು ತಿಳಿಸಬೇಕು. ಅದೇ ಮನೆಯನ್ನು ಬೆಂಗಳೂರಿನಲ್ಲಿರುವ ಮಗನ ಹೆಸರಿಗೆ ಹಿಬಾ ಬರೆದು, ತಾಯಿ ಮೊದಲಿನಂತೆಯೇ ಒಡತಿಯಾಗಿ ಉಳಿದು, ಬಾಡಿಗೆಯನ್ನೂ ತಾವೇ ಪಡೆಯುತ್ತಿದ್ದರೆ ಆ ಹಿಬಾ ಮುಂದೆ ಅಲುಗಾಡುತ್ತದೆ.

"ನನ್ನ ನಂತರ" ಎಂಬ ಎರಡು ಪದ

ಈ ಮನೆಯನ್ನು ಮುರಿಯಬಲ್ಲ ಒಂದು ವಾಕ್ಯವನ್ನು ಈಗ ಹೇಳುತ್ತೇನೆ. ದಾನಪತ್ರ ಎಂಬ ತಲೆಬರಹ, ಸ್ಟಾಂಪ್, ನೋಂದಣಿ ಎಲ್ಲವೂ ಇರುತ್ತದೆ. ಒಳಗೆ ಹೀಗೆ ಬರೆದಿರುತ್ತದೆ: "ನನ್ನ ಜೀವಿತ ಕಾಲದವರೆಗೆ ಸದರಿ ಮನೆ ನನ್ನ ಹಕ್ಕಿನಲ್ಲೇ ಇರತಕ್ಕದ್ದು, ನನ್ನ ನಂತರ ನನ್ನ ಮಗಳು ಹಕ್ಕುದಾರಳಾಗತಕ್ಕದ್ದು." ತಾಯಿಗೆ ಈ ವಾಕ್ಯ ಇಷ್ಟವಾಗುತ್ತದೆ. ತಾನು ಇರುವವರೆಗೆ ಭದ್ರ, ಆಮೇಲೆ ಮಗಳಿಗೆ.

ಆದರೆ ಇದು ಹಿಬಾ ಅಲ್ಲ. ಮುಂದೆ ಎಂದೋ ಜಾರಿಗೆ ಬರುವ ಹಿಬಾವನ್ನು ನಮ್ಮ ನಿಯಮ ಒಪ್ಪುವುದಿಲ್ಲ. ಕೊಡುವುದು ಇವತ್ತೇ ಆಗಬೇಕು. ತಲೆಬರಹದಲ್ಲಿ ದಾನಪತ್ರ ಎಂದಿದ್ದರೂ ನ್ಯಾಯಾಧೀಶರು ಒಳಗಿನ ಅರ್ಥವನ್ನು ನೋಡುತ್ತಾರೆ. "ನನ್ನ ನಂತರ" ಎಂದಿರುವ ಕಾಗದ ಹೆಚ್ಚೆಂದರೆ ವಸಿಯತ್ ಆಗಬಹುದು. ವಸಿಯತ್ ಆದ ಕೂಡಲೇ ನಾವು ಆಗಲೇ ನೋಡಿದ ಗಡಿಗಳು ಬರುತ್ತವೆ. ಮಗಳು ವಾರಸುದಾರಳು, ಅಣ್ಣನ ಒಪ್ಪಿಗೆ ಬೇಕು. ಅವನು ಒಪ್ಪದಿದ್ದರೆ ಪೂರ್ತಿ 45 ಲಕ್ಷದ ಮನೆ ತನಗೆ ಬರುತ್ತದೆ ಎಂದು ನಂಬಿ ಹತ್ತು ವರ್ಷ ದುಡಿದ ಮಗಳಿಗೆ ಸಿಗುವುದು 15 ಲಕ್ಷದ ಪಾಲು ಮಾತ್ರ. ಅದನ್ನು ಪಡೆಯಲು ಮನೆಯನ್ನು ಮಾರಬೇಕಾಗಿಯೂ ಬರಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಮನೆಯನ್ನು ಇವತ್ತೇ ಪೂರ್ತಿಯಾಗಿ ಕೊಟ್ಟು, ಅದರ ಬಾಡಿಗೆಯನ್ನು ತಾಯಿ ಇರುವವರೆಗೆ ತಾಯಿಗೆ ಕೊಡಬೇಕು ಎಂದು ಮಾಡಿಕೊಳ್ಳುವ ಏರ್ಪಾಟನ್ನು ನ್ಯಾಯಾಲಯಗಳು ಒಪ್ಪಿವೆ. ಅಲ್ಲಿ ಒಡೆತನ ಇವತ್ತೇ ಹೋಗಿರುತ್ತದೆ, ಬಾಡಿಗೆ ಮಾತ್ರ ಹಿಂದಕ್ಕೆ ಬರುತ್ತದೆ. ಒಡೆತನವನ್ನೇ "ನಂತರ" ಎಂದು ಮುಂದೂಡುವುದು ಬೇರೆ. ಆದ್ದರಿಂದ ಕರಡು ಕೈಗೆ ಬಂದಾಗ "ನಂತರ", "ತರುವಾಯ", "ಕಾಲಾನಂತರ" ಎಂಬ ಪದಗಳಿವೆಯೇ ಎಂದು ಬೆರಳಿಟ್ಟು ಓದಿ.

ಇದೇ ಜಾತಿಯ ಇನ್ನೊಂದು ಕಾಗದ ತಂದೆ ಬದುಕಿರುವಾಗಲೇ ಮಕ್ಕಳಿಗೆ ಮಾಡುವ "ವಿಭಾಗ ಪತ್ರ". ಮುಸ್ಲಿಮರಲ್ಲಿ ತಂದೆ ಬದುಕಿರುವವರೆಗೆ ಮಕ್ಕಳಿಗೆ ಅವರ ಆಸ್ತಿಯಲ್ಲಿ ಹುಟ್ಟಿನಿಂದ ಬಂದ ಪಾಲು ಇಲ್ಲ. ಆದ್ದರಿಂದ ಭಾಗ ಮಾಡುವ ಮಾತೂ ಇಲ್ಲ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ದಾಖಲೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಅದು ಹಿಬಾ ಆಗಲಿಲ್ಲ, ಕೊಟ್ಟಿದ್ದೇನೆ ಎಂಬ ಸ್ಪಷ್ಟ ಘೋಷಣೆ ಅಲ್ಲಿ ಕಾಣಲಿಲ್ಲ. ಮೂರು ಹೆಜ್ಜೆಗಳಲ್ಲಿ ಒಂದು ತಪ್ಪಿದರೂ ಉಳಿದ ಎರಡು ನಿಲ್ಲುವುದಿಲ್ಲ ಎಂಬುದನ್ನು ಈ ಎರಡು ತೀರ್ಪುಗಳು ಎರಡು ಕಡೆಯಿಂದ ತೋರಿಸುತ್ತವೆ.

ಕೊಟ್ಟ ಮೇಲೆ ತಿರುಗಿ ಪಡೆಯಬಹುದೇ?

ಇದನ್ನು ಹಿರಿಯರಿಗೆ ಮುಚ್ಚಿಡದೆ ಹೇಳಬೇಕು. ಕಬ್ಜಾ ಕೊಡುವುದಕ್ಕೆ ಮುಂಚೆ ಮನಸ್ಸು ಬದಲಿಸಬಹುದು. ಕೊಟ್ಟ ಮೇಲೆ ಮಗ, ಮಗಳು, ಒಡಹುಟ್ಟಿದವರು ಇಂಥ ರಕ್ತಸಂಬಂಧಿಗಳಿಗೆ ಮಾಡಿದ ಹಿಬಾವನ್ನು ಹನಫೀ ನಿಯಮದಲ್ಲಿ ಹಿಂದಕ್ಕೆ ಪಡೆಯುವಂತಿಲ್ಲ. ಶಾಫಿಈ ಪಂಥದಲ್ಲಿ ತಂದೆ ಮಕ್ಕಳಿಗೆ ಕೊಟ್ಟದ್ದನ್ನು ಹಿಂದೆ ಪಡೆಯುವ ಬಗ್ಗೆ ಅಭಿಪ್ರಾಯ ಬೇರೆಯಿದೆ. ನಮ್ಮ ಕರಾವಳಿಯ ಕುಟುಂಬಗಳು ಅದನ್ನು ತಿಳಿದವರಲ್ಲಿ ಕೇಳಿಕೊಳ್ಳಬೇಕು.

ಹಾಗಾದರೆ ಮನೆ ಬರೆಸಿಕೊಂಡ ಮಗಳೋ ಮಗನೋ ನಾಳೆ ಮುಖ ತಿರುಗಿಸಿದರೆ? ಅದಕ್ಕೆ 2007ರ ಹಿರಿಯ ನಾಗರಿಕರ ಪಾಲನೆ ಪೋಷಣೆ ಕಾಯಿದೆಯ 23ನೇ ಕಲಮು ಇದೆ. ಅದು ಎಲ್ಲ ಧರ್ಮದ, ಅರವತ್ತು ದಾಟಿದ ಹಿರಿಯರಿಗೂ ಅನ್ವಯಿಸುತ್ತದೆ. ಪಡೆಯುವವರು ತನಗೆ ಊಟ, ವಸತಿ, ಔಷಧಿ ಮುಂತಾದ ಮೂಲ ಅಗತ್ಯಗಳನ್ನು ಒದಗಿಸಬೇಕು ಎಂಬ ಷರತ್ತಿನ ಮೇಲೆ ಕೊಟ್ಟು, ಅವರು ಅದನ್ನು ನಡೆಸದೆ ಹೋದರೆ, ಆ ವರ್ಗಾವಣೆಯನ್ನು ರದ್ದು ಮಾಡುವಂತೆ ಹಿರಿಯರು ಕೇಳಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳ ಮುಂದಿರುವ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆದರೆ ಈ ಕಲಮಿನ ಜೀವ ಇರುವುದು ಷರತ್ತಿನಲ್ಲಿ. ಅಂಥ ಷರತ್ತಿನ ಮೇಲೆಯೇ ಕೊಟ್ಟದ್ದು ಎಂದು ತೋರಿಸಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಈ ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥ ಮಾಡಬೇಕು ಎಂದೂ ಹೇಳಿದೆ. ಉದಾರತೆಯನ್ನು ನಂಬಿ ಕೂರುವುದಕ್ಕಿಂತ, "ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ" ಎಂಬ ಮಾಮೂಲು ಮಾತಿನ ಪಕ್ಕದಲ್ಲಿ ಪಾಲನೆಯ ಒಂದು ಸಾಲನ್ನು ಬರೆಯಿಸುವುದು ಜಾಣತನ. ಒಳ್ಳೆಯ ಮಗಳಿಗೆ ಆ ಸಾಲು ಭಾರವಾಗುವುದಿಲ್ಲ.

ಕಾಯಿಲೆಯ ಹಾಸಿಗೆಯಲ್ಲಿ ಬರೆದ ಹಿಬಾದ ಬಗ್ಗೆಯೂ ಒಂದು ಮಾತು. ಸಾವು ಸಮೀಪಿಸಿದ, ಆ ಭಯ ತರುವ ಕಾಯಿಲೆಯನ್ನು ಮರ್ಜುಲ್ ಮೌತ್ ಎನ್ನುತ್ತಾರೆ. ಅದರಲ್ಲಿ ಹಿಬಾ ಮಾಡಿ ಅದೇ ಕಾಯಿಲೆಯಲ್ಲಿ ತೀರಿಕೊಂಡರೆ ಆ ಹಿಬಾಕ್ಕೂ ಮೂರನೇ ಒಂದು ಭಾಗದ ಮಿತಿ ಮತ್ತು ವಾರಸುದಾರರ ಒಪ್ಪಿಗೆಯ ನಿಯಮ ಬಂದುಬಿಡುತ್ತದೆ. ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದಗಳು ಸೋಲುವುದು ಹೆಚ್ಚಾಗಿ ಇದರಿಂದಲೇ. ಮಾಡುವುದಿದ್ದರೆ ಆರೋಗ್ಯ ಚೆನ್ನಾಗಿರುವಾಗ ಮಾಡಿ.

ತಿಳಿಸುವವರು ಯಾರು?

ಈಗ ನಿಮ್ಮ ವಿಷಯ. ಮನೆ ಪಡೆಯುವ ಮಗಳೇ ತಾಯಿಗೆ ಎಲ್ಲವನ್ನೂ ವಿವರಿಸಿ, ಅವಳೇ ಪತ್ರ ಬರಹಗಾರರನ್ನು ಕರೆಸಿ, ಅವಳ ಗಂಡನೇ ಸಾಕ್ಷಿ ಹಾಕಿದರೆ, ಎಷ್ಟೇ ಪ್ರಾಮಾಣಿಕವಾಗಿದ್ದರೂ ನಾಳೆ ಅದು ಬಲವಂತದಂತೆ ಕಾಣುತ್ತದೆ. ಓದುಬರಹ ಬಾರದ, ಪರದೆಯಲ್ಲಿರುವ ಮಹಿಳೆ ಬರೆದುಕೊಟ್ಟ ಪತ್ರವಾದರೆ ಅದನ್ನು ಆಕೆ ಪೂರ್ತಿ ಅರ್ಥಮಾಡಿಕೊಂಡು, ಸ್ವತಂತ್ರ ಸಲಹೆ ಪಡೆದು ಸಹಿ ಮಾಡಿದರು ಎಂದು ತೋರಿಸುವ ಹೊಣೆಯನ್ನು ನ್ಯಾಯಾಲಯಗಳು ಬಹಳ ಹಿಂದಿನಿಂದಲೂ ಪತ್ರದ ಲಾಭ ಪಡೆಯುವವರ ಮೇಲೆ ಹಾಕಿವೆ. ಆದ್ದರಿಂದ ಪಾಲಿಲ್ಲದ ಒಬ್ಬರು, ಚಿಕ್ಕಪ್ಪನೋ ಮಾಮೂನೋ ಪರಿಚಯದ ವಕೀಲರೋ, ತಾಯಿಯ ಜೊತೆ ಒಬ್ಬರೇ ಕುಳಿತು ಮಾತನಾಡಲಿ. ಪತ್ರ ಕನ್ನಡದಲ್ಲಿದ್ದು ತಾಯಿ ಮನೆಯಲ್ಲಿ ಉರ್ದು ಅಥವಾ ಬ್ಯಾರಿ ಭಾಷೆ ಆಡುವವರಾದರೆ ಆ ಭಾಷೆಯಲ್ಲಿ ಓದಿ ಹೇಳಿಸಿ, ಹಾಗೆ ಓದಿ ಹೇಳಿದ್ದನ್ನು ಪತ್ರದಲ್ಲೇ ನಮೂದಿಸಿ, ಓದಿ ಹೇಳಿದವರ ಸಹಿ ಹಾಕಿಸಿ.

ತಾಯಿ ಕೇಳುವ ಪ್ರಶ್ನೆಗಳಿಗೆ ಉತ್ತರ ಚಿಕ್ಕದಾಗಿರಲಿ. "ಹಿಬಾ ಮಾಡಿದರೆ ಮನೆ ಇವತ್ತೇ ನನ್ನ ಕೈ ಬಿಡುತ್ತದಾ?" ಬಿಡುತ್ತದೆ ಅಮ್ಮೀ. "ವಸಿಯತ್‌ನಲ್ಲಿ ಮಗಳಿಗೆ ಪೂರ್ತಿ ಮನೆ ಕೊಡಬಹುದಾ?" ಮಗ ಆಮೇಲೆ ಒಪ್ಪಿದರೆ ಮಾತ್ರ. "ಮೊಮ್ಮಗನಿಗೆ?" ಮೂರನೇ ಒಂದು ಭಾಗ, ಯಾರನ್ನೂ ಕೇಳಬೇಕಿಲ್ಲ. ಉತ್ತರ ಕೊಟ್ಟ ಮೇಲೆ ಅವರ ಬಾಯಿಂದಲೇ ತಿರುಗಿ ಹೇಳಿಸಿ. "ಈಗ ನೀವು ಹೇಳಿ, ಇದರಲ್ಲಿ ಮನೆ ಯಾವತ್ತು ಹೋಗುತ್ತದೆ?" ಎಂದು ಕೇಳಿ. ಅವರು ಸರಿಯಾಗಿ ಹೇಳಿದ ದಿನವೇ ಸಹಿಯ ದಿನ.

ನೋಂದಣಿಯ ವಿಚಾರ ಹೆಚ್ಚೇನಿಲ್ಲ. ಬಾಯಿಮಾತಿನ ಹಿಬಾ ಸಿಂಧುವಾದರೂ ಮನೆಯ ವಿಷಯದಲ್ಲಿ ನೋಂದಾಯಿತ ಪತ್ರ ಮಾಡಿಸುವುದೇ ಮೇಲು, ಏಕೆಂದರೆ ಖಾತೆ ಬದಲಾವಣೆ ಮತ್ತು ಬ್ಯಾಂಕ್ ಸಾಲಕ್ಕೆ ಅದನ್ನೇ ಕೇಳುತ್ತಾರೆ. ಕರ್ನಾಟಕದಲ್ಲಿ ಮಗ, ಮಗಳು, ಹೆಂಡತಿ, ಸೊಸೆ, ಮೊಮ್ಮಕ್ಕಳು ಇಂಥ ಕುಟುಂಬದ ಸದಸ್ಯರಿಗೆ ಮಾಡುವ ದಾನಪತ್ರಕ್ಕೆ ಮನೆಯ ಬೆಲೆಯ ಶೇಕಡಾವಾರು ಮುದ್ರಾಂಕ ಶುಲ್ಕ ಇಲ್ಲ, ನಿಗದಿಯಾದ ಸಣ್ಣ ಮೊತ್ತ ಮಾತ್ರ. ಪಟ್ಟಣದ ಮನೆಗೆ ಈಗ ಇ-ಖಾತೆ ಬೇಕು. ಅದು ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ತಾಯಿ ಎದ್ದು ಓಡಾಡಲಾರದ ಸ್ಥಿತಿಯಲ್ಲಿದ್ದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ನೋಂದಣಿ ಮಾಡುವ ಅವಕಾಶ ನೋಂದಣಿ ಕಾಯಿದೆಯಲ್ಲಿದೆ. ಆದರೆ ನೆನಪಿಡಿ, ಕಬ್ಜಾ ಆಗಿದೆಯೇ ಎಂದು ಆ ಕಚೇರಿಯಲ್ಲಿ ಯಾರೂ ಪರೀಕ್ಷಿಸುವುದಿಲ್ಲ. ಅದು ನಿಮ್ಮ ಕೆಲಸ.

ಆ ತಾಯಿ ಏನು ಮಾಡಬಹುದು?

ನಮ್ಮ ಉದಾಹರಣೆಯ ತಾಯಿಯ ಮೂರು ಆಸೆಗಳನ್ನೂ ಪೂರ್ತಿಯಾಗಿ ತೀರಿಸುವ ಒಂದೇ ಕಾಗದ ಇಲ್ಲ. ಇದನ್ನು ಅವರಿಗೆ ನೇರವಾಗಿ ಹೇಳಬೇಕು. ಮನೆಯನ್ನು ಮಗಳಿಗೆ ಇಂದೇ ಹಿಬಾ ಮಾಡಿದರೆ ಮಗಳು ಭದ್ರ, ಆದರೆ ಮೊಮ್ಮಗನಿಗೆ ಉಳಿಯುವುದೇನೂ ಇಲ್ಲ. ತಾಯಿಯ ನೆಲೆ ಪಾಲನೆಯ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಮನೆಯನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡು ಮೊಮ್ಮಗನಿಗೆ ವಸಿಯತ್ ಮಾಡಿದರೆ ತಾಯಿಯೂ ಮೊಮ್ಮಗನೂ ಭದ್ರ, ಆದರೆ ಮಗಳ ಪಾಲು 10 ಲಕ್ಷಕ್ಕೆ ಇಳಿಯುತ್ತದೆ.

ಎರಡನೆಯ ದಾರಿ ಹಿಡಿಯುವವರು ಮಗಳಿಗೆ ಬೇರೆ ರೀತಿಯಲ್ಲಿ ಆಸರೆ ಮಾಡಬಹುದು. ಕೈಯಲ್ಲಿರುವ ಚಿನ್ನ, ಬ್ಯಾಂಕಿನ ಠೇವಣಿಯನ್ನು ಬದುಕಿರುವಾಗಲೇ ಹಿಬಾ ಮಾಡಬಹುದು. ಚಿನ್ನದ ಬಳೆಯನ್ನು ಮಗಳ ಕೈಗೆ ತೊಡಿಸಿದರೆ ಹೇಳುವುದು, ಒಪ್ಪುವುದು, ಕಬ್ಜಾ ಮೂರೂ ಅಲ್ಲೇ ಮುಗಿಯುತ್ತವೆ. ಮೊದಲನೆಯ ದಾರಿ ಹಿಡಿಯುವವರು ಇತರ ಮಕ್ಕಳ ಮನಸ್ಸನ್ನೂ ನೋಡಬೇಕು. ಕಾನೂನು ಪೂರ್ತಿ ಮನೆಯನ್ನು ಒಬ್ಬರಿಗೆ ಕೊಡಲು ಬಿಡುತ್ತದೆ. ಆದರೆ ನುಅಮಾನ್ ಬಿನ್ ಬಶೀರ್ ಅವರ ತಂದೆ ಒಬ್ಬ ಮಗನಿಗೆ ಮಾತ್ರ ಕೊಡುಗೆ ಕೊಟ್ಟಾಗ, ಉಳಿದ ಮಕ್ಕಳಿಗೂ ಹಾಗೆಯೇ ಕೊಟ್ಟಿದ್ದೀರಾ ಎಂದು ಪ್ರವಾದಿವರ್ಯರು ಕೇಳಿದ ಪ್ರಸಂಗ ನಮ್ಮ ಮುಂದಿದೆ. ಹತ್ತು ವರ್ಷದ ಸೇವೆ ಒಂದು ಕಾರಣವಾಗಬಹುದು. ಆ ಕಾರಣವನ್ನು ತಾಯಿಯೇ ಮಗನಿಗೆ ಫೋನು ಮಾಡಿ ಹೇಳಲಿ. ತಾಯಿಯ ಬಾಯಿಂದ ಕೇಳಿದ್ದನ್ನು ಮಗ ಸಹಿಸಿಕೊಳ್ಳಬಹುದು, ತಾಯಿ ಹೋದ ಮೇಲೆ ಕಾಗದದಲ್ಲಿ ಓದಿದ್ದನ್ನು ಸಹಿಸಿಕೊಳ್ಳುವುದು ಕಷ್ಟ.

ಆದ್ದರಿಂದ ನಿಮ್ಮ ಹಿರಿಯರ ಮುಂದೆ ಕುಳಿತಾಗ ಮೂರು ಪ್ರಶ್ನೆ ಕೇಳಿ. ಕೊಡುವುದು ಇವತ್ತೋ, ನಿಮ್ಮ ನಂತರವೋ? ಪಡೆಯುವವರು ವಾರಸುದಾರರೋ, ಅಲ್ಲವೋ? ಕೊಟ್ಟ ಮೇಲೆ ಅವರು ನಿಮ್ಮನ್ನು ನೋಡಿಕೊಳ್ಳದಿದ್ದರೆ ನೀವು ಎಲ್ಲಿ ಇರುತ್ತೀರಿ? ಇವತ್ತೇ, ವಾರಸುದಾರರಿಗೇ ಎಂದಾದರೆ ಕಬ್ಜಾ ಸಹಿತ ಹಿಬಾ, ಅದರಲ್ಲಿ ಪಾಲನೆಯ ಸಾಲು. ನಂತರ, ವಾರಸುದಾರರಲ್ಲದವರಿಗೆ ಎಂದಾದರೆ ಮೂರನೇ ಒಂದರೊಳಗಿನ ವಸಿಯತ್. ನಂತರ, ವಾರಸುದಾರರಿಗೇ ಎಂದಾದರೆ ಕಾಗದ ಬೇಕಿಲ್ಲ, ಶರೀಅತ್ ಪಾಲು ಬರೆದೇ ಇಟ್ಟಿದೆ. ಆ ಪಾಲಿಗಿಂತ ಹೆಚ್ಚು ಕೊಡಬೇಕೆಂದಿದ್ದರೆ "ನಂತರ" ಎನ್ನುವ ಮಾತನ್ನು ಬಿಟ್ಟು ಇವತ್ತಿನ ಬಗ್ಗೆ ಯೋಚಿಸಬೇಕು.

ಮೂರನೆಯ ಪ್ರಶ್ನೆಗೆ ಅವರು ಬೇಗ ಉತ್ತರ ಕೊಡದಿದ್ದರೆ ಅವಸರ ಮಾಡಬೇಡಿ. ಬೀಗದ ಕೈ ಇನ್ನೂ ಸ್ವಲ್ಪ ದಿನ ಅವರ ಸೊಂಟದಲ್ಲೇ ಇರಲಿ.